ಒಂದು ಪಿಕ್ಸೆಲ್‌ಗೆ ಎಷ್ಟು ನೆಲ?

ಕರ್ನಾಟಕದ ಹಳೆಯ ಗ್ರಾಮ ನಕ್ಷೆಗಳಲ್ಲಿ ಅನೇಕವು 1:7920 ಪ್ರಮಾಣದವು. ಕಾಗದದ ಮೇಲಿನ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ. ಅಂಥ ನಕ್ಷೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಪರದೆಯ ಮೇಲಿನ ಒಂದೊಂದು ಚುಕ್ಕಿ, ಅಂದರೆ ಪಿಕ್ಸೆಲ್, 2.2 ಅಡಿ ಉದ್ದ, 2.2 ಅಡಿ ಅಗಲದ ನೆಲವನ್ನು ತೋರಿಸುತ್ತದೆ. ಗುಂಟೆ ಎಂದರೆ 33 ಅಡಿಗೆ 33 ಅಡಿ. ಹಾಗಾಗಿ ಒಂದು ಗುಂಟೆಗೆ 15ಕ್ಕೆ 15, ಅಂದರೆ 225 ಪಿಕ್ಸೆಲ್. ನಲವತ್ತು ಗುಂಟೆಯ ಒಂದು ಎಕರೆಗೆ 9,000 ಪಿಕ್ಸೆಲ್. ಹೊಲದ ಗಡಿಯೊಳಗೆ ಎಷ್ಟು ಪಿಕ್ಸೆಲ್ ಇವೆ ಎಂದು ಕಂಪ್ಯೂಟರ್ ಎಣಿಸಿ ಕೊಟ್ಟರೆ, ಅದನ್ನು 225ರಿಂದ ಭಾಗಿಸಿ ಗುಂಟೆ ಹೇಳಿಬಿಡಬಹುದು.

ಕಾಗದ ಸರಿಯಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹಳೆಯ ಕಾಗದ ಬಿಸಿಲು, ತೇವಗಳಿಗೆ ಸಿಕ್ಕಿ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಕುಗ್ಗಿರುತ್ತದೆ. ಸ್ಕ್ಯಾನರಿನ ಗಾಜಿನ ಮೇಲೆ ಹಾಳೆಯನ್ನು ಇಡುವಾಗ ಸ್ವಲ್ಪ ಓರೆಯಾಗಿರುತ್ತದೆ. ಆಗ ಒಂದು ಪಿಕ್ಸೆಲ್ ತೋರಿಸುವ ನೆಲ ಚೌಕವಾಗಿ ಉಳಿಯುವುದಿಲ್ಲ, ಚೂರು ವಾಲಿದ ಸಮಾಂತರ ಚತುರ್ಭುಜವಾಗುತ್ತದೆ. ಅದರ ವಿಸ್ತೀರ್ಣ ಎಷ್ಟು? ನೆಲದ ಮೇಲಿನ ಒಂದು ಕಲ್ಲನ್ನು ತೋರಿಸಿ, ಇದು ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿದರೆ ಹೇಳಲು ಬರುತ್ತದೆಯೇ? ಈ ಎರಡು ಪ್ರಶ್ನೆಗಳು ಬೇರೆ ಬೇರೆ ಎಂದು ಅನಿಸುತ್ತದೆ. ಎರಡಕ್ಕೂ ಉತ್ತರ ಕೊಡುವುದು ಒಂದೇ ಸಂಖ್ಯೆ. ಅದೇ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್, ಪಠ್ಯಪುಸ್ತಕಗಳು ನಿರ್ಧಾರಕ ಎಂದು ಕರೆಯುವ ಸಂಖ್ಯೆ.

ಎರಡು ಹೆಜ್ಜೆಗಳಲ್ಲಿ ಇಡೀ ನಕ್ಷೆ

ನಮ್ಮ ಹಾಳೆ ಎರಡೂವರೆ ಡಿಗ್ರಿಯಷ್ಟು ಓರೆಯಾಗಿದೆ, ಮೇಲಿಂದ ಕೆಳಕ್ಕೆ ನೂರಕ್ಕೆ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು ಕುಗ್ಗಿದೆ ಎಂದು ಇಟ್ಟುಕೊಳ್ಳೋಣ. ಪರದೆಯ ಮೇಲೆ ಒಂದು ಪಿಕ್ಸೆಲ್ ಬಲಕ್ಕೆ ಸರಿದರೆ ನೆಲದ ಮೇಲೆ 2.2 ಅಡಿ ಪೂರ್ವಕ್ಕೂ 0.1 ಅಡಿ ಉತ್ತರಕ್ಕೂ ಸರಿದಂತಾಗುತ್ತದೆ. ಒಂದು ಪಿಕ್ಸೆಲ್ ಕೆಳಕ್ಕೆ ಸರಿದರೆ 0.1 ಅಡಿ ಪೂರ್ವಕ್ಕೆ, 2.25 ಅಡಿ ದಕ್ಷಿಣಕ್ಕೆ. ದಕ್ಷಿಣವೆಂದರೆ ಉತ್ತರದ ಲೆಕ್ಕದಲ್ಲಿ ಋಣ, ಆದ್ದರಿಂದ ಅದನ್ನು −2.25 ಎಂದು ಬರೆಯುತ್ತೇವೆ. ಕಾಗದ ಕುಗ್ಗಿದಾಗ ಒಂದೊಂದು ಪಿಕ್ಸೆಲ್‌ನೊಳಗೆ ಹೆಚ್ಚು ನೆಲ ಸೇರಿಕೊಳ್ಳುತ್ತದೆ. 2.2 ಇದ್ದದ್ದು 2.25 ಆದದ್ದು ಅದಕ್ಕೇ.

ಇಷ್ಟು ತಿಳಿದರೆ ಸಾಕು. ನೂರು ಪಿಕ್ಸೆಲ್ ಬಲಕ್ಕೆ, ಇನ್ನೂರು ಪಿಕ್ಸೆಲ್ ಕೆಳಕ್ಕೆ ಹೋದರೆ ಮೊದಲ ಹೆಜ್ಜೆಯನ್ನು ನೂರು ಸಲ, ಎರಡನೆಯದನ್ನು ಇನ್ನೂರು ಸಲ ಇಟ್ಟಂತೆ. ಪೂರ್ವಕ್ಕೆ 220 ಮತ್ತು 20, ಕೂಡಿ 240 ಅಡಿ. ಉತ್ತರಕ್ಕೆ 10, ಅದರಿಂದ 450 ಕಳೆದರೆ −440, ಅಂದರೆ ದಕ್ಷಿಣಕ್ಕೆ 440 ಅಡಿ. ನಕ್ಷೆಯ ಯಾವ ಬಿಂದುವಿಗೂ ಇದೇ ಲೆಕ್ಕ. ಈ ಎರಡು ಹೆಜ್ಜೆಗಳನ್ನು ಎರಡು ಕಂಬಸಾಲುಗಳಾಗಿ ಅಕ್ಕಪಕ್ಕ ಬರೆದಿಟ್ಟದ್ದೇ ಮ್ಯಾಟ್ರಿಕ್ಸ್:

```
| 2.2    0.1  |
| 0.1   -2.25 |
```

ಎಡಗಡೆಯ ಕಂಬಸಾಲು ಬಲಕ್ಕಿಟ್ಟ ಹೆಜ್ಜೆ, ಬಲಗಡೆಯದು ಕೆಳಕ್ಕಿಟ್ಟ ಹೆಜ್ಜೆ. ಒಂದು ಪಿಕ್ಸೆಲ್ ತೋರಿಸುವ ನೆಲವೆಂದರೆ ಈ ಎರಡು ಹೆಜ್ಜೆಗಳೇ ಎರಡು ಬದಿಗಳಾಗಿರುವ ಚತುರ್ಭುಜ.

ಗ್ರಾಫ್ ಹಾಳೆಯ ಮೇಲೆ ಒಂದು ಚತುರ್ಭುಜ

ಅಂಥ ಚತುರ್ಭುಜದ ವಿಸ್ತೀರ್ಣವನ್ನು ಹೇಗೆ ಹಿಡಿಯುವುದು? ದಶಮಾಂಶಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಣ್ಣಿಗೆ ಕಾಣುವ ಪೂರ್ಣಾಂಕಗಳಲ್ಲಿ ನೋಡೋಣ. ಮೊದಲ ಹೆಜ್ಜೆ ಬಲಕ್ಕೆ 3, ಮೇಲಕ್ಕೆ 1. ಎರಡನೆಯ ಹೆಜ್ಜೆ ಬಲಕ್ಕೆ 1, ಮೇಲಕ್ಕೆ 2. ಗ್ರಾಫ್ ಹಾಳೆಯ ಮೂಲೆಯಿಂದ ಹೊರಟು ಇವೆರಡನ್ನೂ ಬದಿಗಳಾಗಿ ಎಳೆದು ಚತುರ್ಭುಜವನ್ನು ಪೂರ್ಣ ಮಾಡಿದರೆ ಅದರ ಎದುರು ಮೂಲೆ ಬಲಕ್ಕೆ 4, ಮೇಲಕ್ಕೆ 3ರಲ್ಲಿ ಬರುತ್ತದೆ. ಅಂದರೆ ಇಡೀ ಆಕೃತಿ 4ಕ್ಕೆ 3ರ ಒಂದು ಆಯತದೊಳಗೆ ಸರಿಯಾಗಿ ಕೂರುತ್ತದೆ. ಆಯತದ ವಿಸ್ತೀರ್ಣ 12.

ಈಗ ಆಯತದೊಳಗೆ ಚತುರ್ಭುಜದ ಹೊರಗೆ ಉಳಿದ ಚೂರುಗಳನ್ನು ಕಳೆಯುತ್ತ ಬರೋಣ. ಕೆಳಗೊಂದು, ಮೇಲೊಂದು ತ್ರಿಕೋನ, ಪಾದ 3, ಎತ್ತರ 1. ಒಂದೊಂದು ಒಂದೂವರೆ, ಎರಡೂ ಸೇರಿ 3. ಎಡಕ್ಕೊಂದು, ಬಲಕ್ಕೊಂದು ತ್ರಿಕೋನ, ಪಾದ 1, ಎತ್ತರ 2. ಎರಡೂ ಸೇರಿ 2. ಬಲಗಡೆಯ ಕೆಳಮೂಲೆಯಲ್ಲಿ ಮತ್ತು ಎಡಗಡೆಯ ಮೇಲ್ಮೂಲೆಯಲ್ಲಿ ಒಂದೊಂದು ಪುಟ್ಟ ಚೌಕ. ಅವೂ ಸೇರಿ 2. ಹನ್ನೆರಡರಲ್ಲಿ 3, 2, 2 ಕಳೆದರೆ 5 ಉಳಿಯುತ್ತದೆ.

ಅದೇ 5 ಇನ್ನೂ ಸುಲಭವಾಗಿ ಸಿಗುತ್ತದೆ. ಮೊದಲ ಹೆಜ್ಜೆಯ 3ನ್ನು ಎರಡನೆಯ ಹೆಜ್ಜೆಯ 2ರಿಂದ ಗುಣಿಸಿ, 6. ಉಳಿದ 1 ಮತ್ತು 1ನ್ನು ಗುಣಿಸಿ, 1. ಕಳೆಯಿರಿ, 5. ಹೀಗೆ ಓರೆಯಾಗಿ ಗುಣಿಸಿ ಕಳೆಯುವುದೇ ಎರಡಕ್ಕೆರಡರ ಡಿಟರ್ಮಿನೆಂಟ್, ಪುಸ್ತಕದ ಭಾಷೆಯಲ್ಲಿ ad − bc. ಅಂಕಿಗಳ ಬದಲು ಅಕ್ಷರಗಳನ್ನಿಟ್ಟು ಮೇಲಿನಂತೆಯೇ ಚೂರುಗಳನ್ನು ಕಳೆಯುತ್ತ ಹೋದರೆ ಉಳಿಯುವುದು ಇದೇ ಸೂತ್ರ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಆ ಕಳೆಯುವ ಲೆಕ್ಕದ ಹಿಂದೆ ಇರುವುದು ಈ ಆಯತ ಮತ್ತು ಅದರ ಆರು ಚೂರುಗಳು.

ಹೆಜ್ಜೆಗಳ ಸರದಿಯನ್ನು ಅದಲುಬದಲು ಮಾಡಿದರೆ ಉತ್ತರ −5 ಬರುತ್ತದೆ. ವಿಸ್ತೀರ್ಣ ಬದಲಾಗಲಿಲ್ಲ, ಅದು ಐದೇ. ಮೊದಲ ಬದಿಯಿಂದ ಎರಡನೆಯ ಬದಿಗೆ ತಿರುಗುವ ದಿಕ್ಕು ಮಾತ್ರ ಗಡಿಯಾರದ ಮುಳ್ಳಿನ ಕಡೆಗೆ ತಿರುಗಿತು. ಋಣ ಚಿಹ್ನೆ ಹೇಳುವುದು ಇದನ್ನೇ: ಆಕೃತಿ ಮಗುಚಿಕೊಂಡಿದೆ.

ಒಂದು ಎಕರೆಯಲ್ಲಿ ಒಂದು ಗುಂಟೆ

ಈಗ ನಕ್ಷೆಗೆ ಮರಳೋಣ. 2.2ನ್ನು −2.25ರಿಂದ ಗುಣಿಸಿದರೆ −4.95. ಅದರಿಂದ 0.1 ಗುಣಿಸು 0.1, ಅಂದರೆ 0.01 ಕಳೆದರೆ −4.96. ಒಂದು ಪಿಕ್ಸೆಲ್ ತೋರಿಸುವ ನೆಲ 4.96 ಚದರಡಿ. ಕುಗ್ಗದ, ಓರೆಯಾಗದ ಹಾಳೆಯಲ್ಲಿ ಅದು 2.2 ಗುಣಿಸು 2.2, ಅಂದರೆ 4.84 ಇರಬೇಕಿತ್ತು. ಋಣ ಚಿಹ್ನೆಗೂ ಇಲ್ಲಿ ಕಾರಣವಿದೆ. ಚಿತ್ರದಲ್ಲಿ ಸಾಲುಗಳನ್ನು ಮೇಲಿಂದ ಕೆಳಕ್ಕೆ ಎಣಿಸುತ್ತಾರೆ, ನೆಲದಲ್ಲಿ ಉತ್ತರದ ಅಳತೆ ಕೆಳಗಿಂದ ಮೇಲಕ್ಕೆ ಏರುತ್ತದೆ. ಒಂದು ಎಣಿಕೆ ತಿರುವುಮುರುವಾಗಿರುವುದರಿಂದ ಸರಿಯಾದ ನಕ್ಷೆಯಲ್ಲೂ ಉತ್ತರ ಋಣವೇ ಬರಬೇಕು. ಧನ ಬಂದರೆ ಹಾಳೆಯನ್ನು ಹಿಂದುಮುಂದಾಗಿ ಓದಿದ್ದೇವೆ, ಪೂರ್ವ ಪಶ್ಚಿಮವಾಗಿದೆ ಎಂದು ಅನುಮಾನಿಸಬೇಕು.

ಪ್ರತಿಯೊಂದು ಪಿಕ್ಸೆಲ್‌ಗೂ ಇದೇ 4.96 ಎಂಬುದು ಮುಖ್ಯ. ಹೊಲ ತ್ರಿಕೋನವಾಗಿರಲಿ, ಹಳ್ಳದ ಅಂಚಿಗೆ ಬಳುಕಿಕೊಂಡು ಹೋಗಿರಲಿ, ಅದು ಪಿಕ್ಸೆಲ್‌ಗಳ ರಾಶಿ. ಎಲ್ಲ ಪಿಕ್ಸೆಲ್‌ಗಳೂ ಒಂದೇ ಅಳತೆಯ ಚತುರ್ಭುಜಗಳಾಗಿ ನೆಲಕ್ಕೆ ಇಳಿಯುವುದರಿಂದ ಇಡೀ ಹೊಲದ ವಿಸ್ತೀರ್ಣವೂ ಅದೇ ಪಾಲಿನಲ್ಲಿ ಹಿಗ್ಗುತ್ತದೆ. ಅಂಚಿನಲ್ಲಿ ಅರ್ಧಂಬರ್ಧ ಸಿಕ್ಕ ಪಿಕ್ಸೆಲ್‌ಗಳನ್ನು ಇನ್ನೂ ಸಣ್ಣ ಚೌಕಗಳಾಗಿ ಒಡೆಯುತ್ತ ಹೋದರೆ ಆ ಕೊರತೆಯೂ ತೀರುತ್ತದೆ. ಆದ್ದರಿಂದಲೇ ಆಕಾರ ಯಾವುದಾದರೂ ಡಿಟರ್ಮಿನೆಂಟ್ ಒಂದೇ.

9,000 ಪಿಕ್ಸೆಲ್‌ಗಳ ಹೊಲವನ್ನು ತೆಗೆದುಕೊಳ್ಳಿ. ಕಾಗದವನ್ನು ನಂಬಿ 225ರಿಂದ ಭಾಗಿಸಿದರೆ ಸರಿಯಾಗಿ 40 ಗುಂಟೆ. 4.96ರಿಂದ ಗುಣಿಸಿದರೆ 44,640 ಚದರಡಿ. ಗುಂಟೆಗೆ 1,089 ಚದರಡಿಯಂತೆ ಅದು 41 ಗುಂಟೆ, ಕೂದಲೆಳೆ ಕಡಿಮೆ. ಕಣ್ಣಿಗೆ ಕಾಣದಷ್ಟು ಕುಗ್ಗಿದ ಕಾಗದ ಎಕರೆಗೆ ಒಂದು ಗುಂಟೆಯನ್ನು ಮರೆಮಾಡಿತ್ತು.

ಇಂಥ ಚಿತ್ರಗಳ ಜೊತೆಗೆ ಆರು ಸಾಲಿನ ಒಂದು ಸಣ್ಣ ಪಠ್ಯ ಕಡತ ಇರುವುದುಂಟು, ವರ್ಲ್ಡ್ ಫೈಲ್ ಎನ್ನುತ್ತಾರೆ. ನಮ್ಮ ನಕ್ಷೆಯದು ಹೀಗಿರುತ್ತದೆ:

```
2.2
0.1
0.1
-2.25
5000.0
12000.0
```

ಮೊದಲ ಎರಡು ಸಾಲು ಬಲಕ್ಕಿಟ್ಟ ಹೆಜ್ಜೆ, ಮುಂದಿನ ಎರಡು ಕೆಳಕ್ಕಿಟ್ಟ ಹೆಜ್ಜೆ, ಕೊನೆಯ ಎರಡು ಎಡ ಮೇಲ್ಮೂಲೆಯ ಪಿಕ್ಸೆಲ್‌ನ ನಡುಬಿಂದು ನೆಲದ ಮೇಲೆ ಎಲ್ಲಿದೆ ಎಂಬುದು. ಆ ಕೊನೆಯ ಎರಡು ಇಡೀ ನಕ್ಷೆಯನ್ನು ಸರಿಸುತ್ತವೆಯೇ ಹೊರತು ಹಿಗ್ಗಿಸುವುದಿಲ್ಲ, ಆದ್ದರಿಂದ ವಿಸ್ತೀರ್ಣದಲ್ಲಿ ಅವುಗಳ ಪಾತ್ರವಿಲ್ಲ. ಮೊದಲನೆಯ ಸಾಲನ್ನು ನಾಲ್ಕನೆಯದರಿಂದ ಗುಣಿಸಿ, ಎರಡನೆಯದು ಮೂರನೆಯದರ ಗುಣಲಬ್ಧವನ್ನು ಕಳೆದರೆ ಒಂದು ಪಿಕ್ಸೆಲ್‌ಗೆ ಎಷ್ಟು ನೆಲ ಎಂಬುದು ಕೈಯಲ್ಲೇ ಸಿಗುತ್ತದೆ.

ನೆಲದಿಂದ ನಕ್ಷೆಗೆ ಮರಳುವ ದಾರಿ

ಈಗ ಎರಡನೆಯ ಪ್ರಶ್ನೆ. ಮೂಲೆಯಿಂದ 240 ಅಡಿ ಪೂರ್ವಕ್ಕೆ, 440 ಅಡಿ ದಕ್ಷಿಣಕ್ಕೆ ಒಂದು ಗಡಿಕಲ್ಲು ಇದೆ. ಅದು ಯಾವ ಪಿಕ್ಸೆಲ್? ಎರಡು ಅಜ್ಞಾತಗಳ ಎರಡು ಸಮೀಕರಣಗಳನ್ನು ಶಾಲೆಯಲ್ಲಿ ಕಲಿತಂತೆ ಬಿಡಿಸಿದರೆ ಸಾಕು. ಬಲಕ್ಕೆ ಎಷ್ಟು ಎಂದು ತಿಳಿಯಲು 2.25ನ್ನು 240ರಿಂದ ಗುಣಿಸಿ, ಅದಕ್ಕೆ 0.1 ಗುಣಿಸು −440 ಸೇರಿಸಿ, 4.96ರಿಂದ ಭಾಗಿಸಬೇಕು. 540ರಲ್ಲಿ 44 ಕಳೆದು 496, ಭಾಗಿಸು 4.96, ಉತ್ತರ 100. ಕೆಳಕ್ಕೆ ಎಷ್ಟು ಎಂಬುದಕ್ಕೆ 0.1 ಗುಣಿಸು 240, ಅದರಿಂದ 2.2 ಗುಣಿಸು −440 ಕಳೆದರೆ 992. ಅದನ್ನೂ 4.96ರಿಂದ ಭಾಗಿಸಿದರೆ 200. ಹೊರಟ ಜಾಗಕ್ಕೇ ಬಂದೆವು.

ಎರಡು ಕಡೆಯೂ ಕೊನೆಗೆ ಭಾಗಿಸಿದ್ದು ಒಂದೇ ಸಂಖ್ಯೆಯಿಂದ, ಡಿಟರ್ಮಿನೆಂಟ್‌ನಿಂದ. ಯಾವ ಎರಡಕ್ಕೆರಡರ ಮ್ಯಾಟ್ರಿಕ್ಸ್ ತೆಗೆದುಕೊಂಡರೂ ಹಿಂದಕ್ಕೆ ಮರಳುವ ಲೆಕ್ಕದಲ್ಲಿ ಆ ಭಾಗಾಕಾರ ತಪ್ಪುವುದಿಲ್ಲ. ಆ ಸಂಖ್ಯೆ ಸೊನ್ನೆಯಾದರೆ ಭಾಗಿಸಲು ಬರುವುದಿಲ್ಲ, ಮರಳುವ ದಾರಿ ಮುಚ್ಚಿತು.

ಇದನ್ನು ಸೂತ್ರದ ಕಟ್ಟಳೆ ಎಂದು ಒಪ್ಪಿಕೊಂಡು ಸುಮ್ಮನಾಗಬೇಕಿಲ್ಲ, ವಿಸ್ತೀರ್ಣದ ಕಣ್ಣಿನಿಂದ ನೋಡಿದರೆ ಕಾರಣ ಎದುರಿಗೇ ಇದೆ. ವಿಸ್ತೀರ್ಣ ಸೊನ್ನೆ ಎಂದರೆ ಚತುರ್ಭುಜದ ಎರಡು ಬದಿಗಳೂ ಒಂದೇ ಗೆರೆಯ ಮೇಲೆ ಬಿದ್ದಿವೆ. ಬಲಕ್ಕಿಟ್ಟ ಹೆಜ್ಜೆ 2 ಮತ್ತು 1, ಕೆಳಕ್ಕಿಟ್ಟ ಹೆಜ್ಜೆ 4 ಮತ್ತು 2 ಆಗಿದ್ದರೆ, ಎಷ್ಟು ಹೆಜ್ಜೆ ಇಟ್ಟರೂ ಆ ಒಂದೇ ದಾರಿಯಲ್ಲಿ ಮುಂದಕ್ಕೆ ಹಿಂದಕ್ಕೆ ಓಡಾಡುತ್ತೇವೆ. ಇಡೀ ನಕ್ಷೆ ಚಪ್ಪಟೆಯಾಗಿ ಗೆರೆಯಾಯಿತು. ಎರಡು ಸಲ ಬಲಕ್ಕೆ ಹೋದವನೂ ಒಂದು ಸಲ ಕೆಳಕ್ಕೆ ಹೋದವನೂ ಒಂದೇ ಜಾಗದಲ್ಲಿ ನಿಂತಿರುತ್ತಾರೆ. ಅಲ್ಲಿ ನಿಂತ ಕಲ್ಲನ್ನು ನೋಡಿ ಅದು ಯಾವ ಪಿಕ್ಸೆಲ್‌ನಿಂದ ಬಂತು ಎಂದು ಯಾರೂ ಹೇಳಲಾರರು. ಗೆರೆಯಿಂದಾಚೆ ಇರುವ ಕಲ್ಲಿಗಂತೂ ನಕ್ಷೆಯಲ್ಲಿ ಜಾಗವೇ ಇಲ್ಲ.

ಇನ್ನೊಂದು ವಾದವೂ ಇದೆ. ಒಂದರ ಹಿಂದೆ ಒಂದು ಎರಡು ಪರಿವರ್ತನೆ ಮಾಡಿದರೆ ವಿಸ್ತೀರ್ಣ ಮೊದಲು ಒಂದು ಪಾಲಿನಲ್ಲಿ, ಆಮೇಲೆ ಇನ್ನೊಂದು ಪಾಲಿನಲ್ಲಿ ಬದಲಾಗುತ್ತದೆ, ಆದ್ದರಿಂದ ಡಿಟರ್ಮಿನೆಂಟ್‌ಗಳು ಗುಣಿಸಿಕೊಳ್ಳುತ್ತವೆ. ನಕ್ಷೆಯಿಂದ ನೆಲಕ್ಕೆ ಹೋಗಿ ಮತ್ತೆ ನಕ್ಷೆಗೆ ಬಂದರೆ ಎಲ್ಲವೂ ಇದ್ದಂತೆಯೇ ಇರಬೇಕು, ಗುಣಲಬ್ಧ 1 ಆಗಬೇಕು. ಹೋಗುವಾಗಿನ ಸಂಖ್ಯೆ ಸೊನ್ನೆಯಾಗಿದ್ದರೆ ಅದನ್ನು ಯಾವುದರಿಂದ ಗುಣಿಸಿದರೂ 1 ಬಾರದು. ಕಳೆದುಹೋದ ವಿಸ್ತೀರ್ಣವನ್ನು ಯಾವ ಲೆಕ್ಕವೂ ಮರಳಿ ತರಲಾರದು.

ಚರಿತ್ರೆಯಲ್ಲಿ ಮೊದಲು ಬಂದದ್ದು ಸಮೀಕರಣಗಳ ಮುಖ. ಜಪಾನಿನ ಸೇಕಿ ತಕಕಾಜು 1683ರಲ್ಲಿ, ಜರ್ಮನಿಯ ಲೈಬ್ನಿಟ್ಸ್ 1693ರಲ್ಲಿ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ಸಮೀಕರಣಗಳ ಸಹಗುಣಕಗಳಿಂದ ಈ ಸಂಖ್ಯೆಯನ್ನು ಕಟ್ಟಿದರು. ಲಗ್ರಾಂಜ್ 1773ರಲ್ಲಿ ಅದರಿಂದ ತ್ರಿಕೋನ ಪಿರಮಿಡ್ಡಿನ ಗಾತ್ರವನ್ನು ಹೇಳಿದ. ಗುಣಿಸಿಕೊಳ್ಳುವ ನಿಯಮವನ್ನು 1812ರಲ್ಲಿ ಫ್ರಾನ್ಸಿನ ಕೋಶಿ ಸಾಧಿಸಿ ತೋರಿಸಿದ. ಮ್ಯಾಟ್ರಿಕ್ಸ್ ಎಂಬ ಹೆಸರನ್ನು ಸಿಲ್ವೆಸ್ಟರ್ ಇಟ್ಟದ್ದು 1850ರಲ್ಲಿ, ಇಷ್ಟೆಲ್ಲ ಆದ ಮೇಲೆ. ಮೂರು ಆಯಾಮಗಳಲ್ಲಿ ವಿಸ್ತೀರ್ಣದ ಜಾಗದಲ್ಲಿ ಗಾತ್ರ ಬರುತ್ತದೆ. ಉಳಿದ ಮಾತೆಲ್ಲ ಹಾಗೆಯೇ ನಿಲ್ಲುತ್ತದೆ.

ಐದು ಪಿಕ್ಸೆಲ್ ತಪ್ಪಿದರೆ

ಇಷ್ಟು ಹೊತ್ತು ಮ್ಯಾಟ್ರಿಕ್ಸ್ ನಮ್ಮ ಕೈಯಲ್ಲಿದೆ ಎಂದು ನಡೆದೆವು. ನಿಜದಲ್ಲಿ ಅದನ್ನು ಕಂಡುಹಿಡಿಯಬೇಕು. ನಕ್ಷೆಯಲ್ಲೂ ನೆಲದಲ್ಲೂ ಗುರುತು ಸಿಗುವ ಮೂರು ಕಲ್ಲುಗಳನ್ನು ಆರಿಸಿ, ನಕ್ಷೆಯಲ್ಲಿ ಮೌಸ್‌ನಿಂದ ಅವುಗಳ ಮೇಲೆ ಒತ್ತಿ, ನೆಲದಲ್ಲಿ ಅಳೆದ ಸ್ಥಾನವನ್ನು ಎದುರಿಗೆ ತುಂಬುತ್ತಾರೆ. ಮೂರೂರಿನ ಗಡಿ ಕೂಡುವ ಕಲ್ಲುಗಳು ಇದಕ್ಕೆ ಅನುಕೂಲ. ಒಂದು ಕಲ್ಲನ್ನು ಮೂಲವಾಗಿಟ್ಟುಕೊಂಡರೆ ಉಳಿದ ಎರಡಕ್ಕೆ ಅಲ್ಲಿಂದ ಎಷ್ಟು ಬಲಕ್ಕೆ, ಎಷ್ಟು ಕೆಳಕ್ಕೆ ಎಂಬುದು ನಕ್ಷೆಯ ಒಂದು ಮ್ಯಾಟ್ರಿಕ್ಸ್ ಆಗುತ್ತದೆ, ಎಷ್ಟು ಪೂರ್ವಕ್ಕೆ, ಎಷ್ಟು ಉತ್ತರಕ್ಕೆ ಎಂಬುದು ನೆಲದ ಇನ್ನೊಂದು ಮ್ಯಾಟ್ರಿಕ್ಸ್. ನೆಲದ್ದನ್ನು ನಕ್ಷೆಯದರ ವಿಲೋಮದಿಂದ ಗುಣಿಸಿದರೆ ಬೇಕಾದ ಮ್ಯಾಟ್ರಿಕ್ಸ್ ಬರುತ್ತದೆ. ಪಿಕ್ಸೆಲ್‌ಗೆ ಎಷ್ಟು ನೆಲ ಎಂಬ ಸಂಖ್ಯೆಯೂ ನೆಲದ ಡಿಟರ್ಮಿನೆಂಟನ್ನು ನಕ್ಷೆಯ ಡಿಟರ್ಮಿನೆಂಟ್‌ನಿಂದ ಭಾಗಿಸಿದಷ್ಟು.

ಹೆಚ್ಚಿನ ಅನಾಹುತ ಆಗುವುದು ಇಲ್ಲಿಯೇ. ಮೂರೂ ಕಲ್ಲುಗಳನ್ನು ಒಂದೇ ರಸ್ತೆಯ ಅಂಚಿನಲ್ಲಿ ಆರಿಸಿದರು ಎನ್ನಿ. ಮೊದಲ ಕಲ್ಲಿನಿಂದ ಎರಡನೆಯದು 1,000 ಬಲಕ್ಕೆ, 500 ಕೆಳಕ್ಕೆ. ಮೂರನೆಯದು 2,000 ಬಲಕ್ಕೆ, 1,010 ಕೆಳಕ್ಕೆ. ಓರೆಯಾಗಿ ಗುಣಿಸಿ ಕಳೆದರೆ 10,100 ನೂರುಗಳಲ್ಲಿ 10,000 ನೂರುಗಳು ಹೋಗಿ 10,000 ಉಳಿಯುತ್ತದೆ. ಈ ಮೂರನೆಯ ಕಲ್ಲನ್ನು ಒತ್ತುವಾಗ ಕೈ ಐದೇ ಪಿಕ್ಸೆಲ್ ಮೇಲೆ ಜಾರಿ 1,005 ಎಂದು ದಾಖಲಾಯಿತು. ಕಾಗದದ ಮೇಲೆ ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದರೆ ಡಿಟರ್ಮಿನೆಂಟ್ 5,000ಕ್ಕೆ ಇಳಿಯಿತು, ಸರಿಯಾಗಿ ಅರ್ಧ. ಭಾಜಕ ಅರ್ಧವಾದರೆ ಭಾಗಲಬ್ಧ ಎರಡರಷ್ಟು. ಪಿಕ್ಸೆಲ್‌ಗೆ 4.96 ಇದ್ದದ್ದು 9.92 ಆಯಿತು, 41 ಗುಂಟೆಯ ಹೊಲ 82 ಗುಂಟೆ ಆಯಿತು. ಹತ್ತು ಪಿಕ್ಸೆಲ್ ಜಾರಿದ್ದರೆ ಡಿಟರ್ಮಿನೆಂಟ್ ಸೊನ್ನೆ, ಲೆಕ್ಕವೇ ನಿಲ್ಲುತ್ತಿತ್ತು. ಹದಿನೈದು ಜಾರಿದ್ದರೆ ಅದರ ಚಿಹ್ನೆಯೇ ಬದಲಾಗಿ ನಕ್ಷೆ ಮಗುಚಿಕೊಳ್ಳುತ್ತಿತ್ತು.

ಅದೇ ಮೂರು ಕಲ್ಲುಗಳನ್ನು ದೂರ ದೂರ ಹರಡಿ ಆರಿಸಿದ್ದರೆ? ಎರಡನೆಯದು 2,000 ಬಲಕ್ಕೆ, ಮೂರನೆಯದು 2,000 ಕೆಳಕ್ಕೆ. ಡಿಟರ್ಮಿನೆಂಟ್ 40 ಲಕ್ಷ. ಅದೇ ಐದು ಪಿಕ್ಸೆಲ್ ತಪ್ಪಿ 2,005 ಎಂದು ದಾಖಲಾದರೆ 40 ಲಕ್ಷದ 10 ಸಾವಿರ. ನಾನೂರಕ್ಕೆ ಒಂದು ಪಾಲಿನ ವ್ಯತ್ಯಾಸ, ಎಕರೆಗೆ ಗುಂಟೆಯ ಹತ್ತನೆಯ ಒಂದು ಭಾಗ. ಕೈ ತಪ್ಪಿದ್ದು ಎರಡು ಕಡೆಯೂ ಅಷ್ಟೇ.

ಇಲ್ಲಿ ಒಂದು ಎಚ್ಚರ ಬೇಕು. 10,000 ಸಣ್ಣ ಸಂಖ್ಯೆಯಲ್ಲ, ಆದರೂ ಕೆಟ್ಟದ್ದು. ಡಿಟರ್ಮಿನೆಂಟ್ ಸೊನ್ನೆಯೇ ಅಲ್ಲವೇ ಎಂಬುದು ಖಚಿತ ಪ್ರಶ್ನೆ. ಸೊನ್ನೆಗೆ ಹತ್ತಿರವೇ ಎಂಬುದನ್ನು ಬರೀ ಅದರ ಅಳತೆಯಿಂದ ಹೇಳಲಾಗದು. ನಮ್ಮ 4.96 ಚದರಡಿಯನ್ನೇ ಚದರ ಮೀಟರಿನಲ್ಲಿ ಬರೆದರೆ 0.46, ಚದರ ಕಿಲೋಮೀಟರಿನಲ್ಲಿ ಬರೆದರೆ ಹತ್ತು ಲಕ್ಷದಲ್ಲಿ ಅರ್ಧ ಪಾಲೂ ಇಲ್ಲ. ನಕ್ಷೆ ಮಾತ್ರ ಅದೇ ನಕ್ಷೆ, ಮರಳುವ ದಾರಿಯೂ ಅಷ್ಟೇ ಚೆನ್ನಾಗಿದೆ. ನೋಡಬೇಕಾದ್ದು ಡಿಟರ್ಮಿನೆಂಟನ್ನು ಎರಡು ಬದಿಗಳ ಉದ್ದಗಳ ಗುಣಲಬ್ಧಕ್ಕೆ ಹೋಲಿಸಿ. ರಸ್ತೆಯಂಚಿನ ಕಲ್ಲುಗಳಿಗೆ ಆ ಗುಣಲಬ್ಧ ಸುಮಾರು 25 ಲಕ್ಷ, ಡಿಟರ್ಮಿನೆಂಟ್ ಅದರಲ್ಲಿ ಸಾವಿರಕ್ಕೆ ನಾಲ್ಕು ಪಾಲು. ಎರಡು ಬದಿಗಳ ನಡುವಿನ ಕೋನ ಕಾಲು ಡಿಗ್ರಿಯೂ ಇಲ್ಲ ಎಂದು ಅದರ ಅರ್ಥ. ಹರಡಿದ ಕಲ್ಲುಗಳಿಗೆ ಆ ಅನುಪಾತ ಒಂದಕ್ಕೆ ಒಂದು, ಲಂಬಕೋನ.

ತಂತ್ರಾಂಶ ತೋರಿಸುವ ದೋಷದ ಅಂಕಿ ಇದನ್ನು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮೂರೇ ಕಲ್ಲು ಕೊಟ್ಟರೆ ಆರು ಅಜ್ಞಾತಗಳಿಗೆ ಆರು ಅಳತೆಗಳು, ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ. ಕಲ್ಲನ್ನು ತಪ್ಪಾಗಿ ಒತ್ತಿದ್ದರೂ ಶೇಷ ದೋಷ ಸೊನ್ನೆ ಎಂದೇ ಪರದೆ ಹೇಳುತ್ತದೆ. ತಪ್ಪು ಬಯಲಾಗುವುದು ನಾಲ್ಕನೆಯ ಕಲ್ಲನ್ನು ಸೇರಿಸಿದಾಗ, ಇಲ್ಲವೇ ಬಂದ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟನ್ನು ನಕ್ಷೆಯ ಪ್ರಮಾಣದಿಂದ ಸಿಗುವ 4.84ರ ಪಕ್ಕದಲ್ಲಿಟ್ಟು ನೋಡಿದಾಗ. 4.96 ಬಂದರೆ ಕಾಗದ ಕುಗ್ಗಿದೆ ಎನ್ನಬಹುದು. 9.92 ಬಂದರೆ ಯಾವ ಕಾಗದವೂ ಅಷ್ಟು ಕುಗ್ಗುವುದಿಲ್ಲ, ಕಲ್ಲುಗಳನ್ನೇ ಮತ್ತೆ ನೋಡಬೇಕು. ಹಾಳೆ ಮಡಿಕೆಯಲ್ಲಿ ಹರಿದು ಅಂಟಿಸಿದ್ದಾದರೆ, ಒಂದು ಮೂಲೆ ಮಾತ್ರ ನೆನೆದು ಉಬ್ಬಿದ್ದರೆ, ಒಂದೇ ಮ್ಯಾಟ್ರಿಕ್ಸ್ ಇಡೀ ಹಾಳೆಗೆ ಹೊಂದುವುದಿಲ್ಲ. ಆಗ ಪಿಕ್ಸೆಲ್‌ಗೆ ಎಷ್ಟು ನೆಲ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಹಾಳೆಯನ್ನು ತುಂಡು ತುಂಡಾಗಿ ನೋಡಬೇಕಾಗುತ್ತದೆ.

ಇದೆಲ್ಲಕ್ಕೂ ಮೊದಲೇ ಮಾಡಬಹುದಾದ ಪರೀಕ್ಷೆ ಇನ್ನೊಂದಿದೆ. ಮೂರು ಕಲ್ಲುಗಳನ್ನು ಸೇರಿಸಿ ನಕ್ಷೆಯ ಮೇಲೆ ತ್ರಿಕೋನ ಎಳೆಯಿರಿ. ಅದರ ವಿಸ್ತೀರ್ಣ ಚತುರ್ಭುಜದ ಅರ್ಧ, ಅಂದರೆ ಆ ಡಿಟರ್ಮಿನೆಂಟ್‌ನ ಅರ್ಧ. ತ್ರಿಕೋನ ಅಗಲವಾಗಿ ಊರನ್ನೆಲ್ಲ ಆವರಿಸಿದ್ದರೆ ಅದರ ವಿಲೋಮ ಗಟ್ಟಿ, ಅದರಿಂದ ಬಂದ ಗುಂಟೆಯ ಲೆಕ್ಕವನ್ನು ನಂಬಬಹುದು. ತ್ರಿಕೋನ ಸೀಳಿನಂತೆ ಕಿರಿದಾಗಿದ್ದರೆ, ಅಂಕಿಗಳನ್ನು ತುಂಬುವ ಮುಂಚೆಯೇ ರಸ್ತೆಯಿಂದ ದೂರದಲ್ಲಿ ಇನ್ನೊಂದು ಕಲ್ಲನ್ನು ಹುಡುಕಿಕೊಳ್ಳಬೇಕು.